ಕಡೇ ರೇಟು ಕೇಳೋದು ಬಿಡಿ, ಬರೆದು ಕೇಳಿ

"ಕಡೇ ರೇಟು ಹೇಳಿ ಸ್ವಾಮಿ." ಡ್ರಿಪ್ ಅಂಗಡಿ ಮೆಟ್ಟಿಲು ಹತ್ತಿದ ತಕ್ಷಣ ನಮ್ಮವರ ಬಾಯಲ್ಲಿ ಬರೋ ಮೊದಲ ಮಾತು ಇದು. ಅಂಗಡಿಯವರು ಒಂದಿಷ್ಟು ಬಿಟ್ಟಂಗೆ ಮಾಡ್ತಾರೆ, ನಾವು ಗೆದ್ವಿ ಅಂತ ಮನೆಗೆ ಬರ್ತೀವಿ. ಲಾರಿ ಬಾಡಿಗೆ ಯಾರದು, ಪೈಪು ಸೋರಿದ್ರೆ ಯಾರು ಬದಲಾಯಿಸಿ ಕೊಡ್ತಾರೆ, ಒಂದನ್ನೂ ಮಾತಾಡಿರಲ್ಲ. ಎರಡು ತಿಂಗಳಿಗೆ ಜಗಳ, ಆಮೇಲೆ ಮುಖ ನೋಡಲ್ಲ.

ಇಮೇಲ್‌ನಲ್ಲಿ ಬರೆದು ಕೇಳ್ರಪ್ಪ ಅಂದ್ರೆ "ಬರೆದ್ರೆ ನಂಬಿಕೆ ಹೋಗುತ್ತೆ" ಅಂತಾರೆ. ನಾನು ಒಪ್ಪಲ್ಲ. ನಂಬಿಕೆ ಕೆಡಿಸೋದು ಬಾಯಿಮಾತೇ. ನೀವೊಂದು ಅಂದ್ಕೊಂಡಿರ್ತೀರಿ, ಅವರೊಂದು ಅಂದ್ಕೊಂಡಿರ್ತಾರೆ, ಇಬ್ಬರೂ ಸುಳ್ಳು ಹೇಳ್ತಿರಲ್ಲ.

2025ರಲ್ಲಿ ನಾವು ಮಧುಗಿರಿ, ಕೊರಟಗೆರೆ ಕಡೆಯ ಆರು ಜನ ಸೇರಿ ಹಳೇ ಲ್ಯಾಟರಲ್ ಬದಲಾಯಿಸೋಕೆ ಹೊರಟ್ವಿ. ಎಂಟು ಎಕರೆ, ನಾಲ್ಕು ಅಡಿ ಸಾಲು, 16 ಎಂಎಂ ಇನ್‌ಲೈನ್ ಪೈಪು ಸುಮಾರು 27,000 ಮೀಟರ್. ಸೆಪ್ಟೆಂಬರ್ ಮೊದಲ ವಾರ ತುಮಕೂರಿನ ಡೀಲರ್ ಇಮೇಲ್‌ನಲ್ಲಿ ಕೊಟೇಶನ್ ಕಳಿಸಿದ್ರು: ಮೀಟರಿಗೆ 11 ರೂಪಾಯಿ 20 ಪೈಸೆ, ಎಲ್ಲಾ ಸೇರಿ.

ಈ "ಎಲ್ಲಾ ಸೇರಿ" ಅನ್ನೋದ್ರಲ್ಲೇ ನಾವು ಮುಳುಗೋದು. 2025ರ ಸೆಪ್ಟೆಂಬರ್ 22ರಿಂದ ಡ್ರಿಪ್ ಲ್ಯಾಟರಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳೀತು. ಆ 11.20ರಲ್ಲಿ ಮಾಲಿನ ಬೆಲೆ 10 ರೂಪಾಯಿ, ಉಳಿದಿದ್ದು ತೆರಿಗೆ. ಹೊಸ ಲೆಕ್ಕಕ್ಕೆ ಅದು 10.50 ಆಗಬೇಕು. ಮೀಟರಿಗೆ 70 ಪೈಸೆ, ಒಟ್ಟು 18,900 ರೂಪಾಯಿ. "ನಮ್ಮದು ಹಳೇ ಸ್ಟಾಕು" ಅಂದ್ರೂ ಬಿಲ್ಲು ಹಾಕೋ ದಿನದ ತೆರಿಗೆನೇ ಲೆಕ್ಕ. ಅವರು ಮೊದಲು ಕಟ್ಟಿದ್ದು ಅವರಿಗೆ ಕ್ರೆಡಿಟ್ ಸಿಗುತ್ತೆ.

ನಮ್ಮಲ್ಲೊಬ್ಬರು "ಮೋಸ ಮಾಡ್ತಿದ್ದೀರಾ ಅಂತ ಬರಿ" ಅಂದ್ರು. ಇನ್ನೊಬ್ಬರು "ಬೇರೆ ಅಂಗಡೀಲಿ ಒಂಬತ್ತೂವರೆ ಅಂತ ಹಾಕು" ಅಂದ್ರು. ಎರಡೂ ಬೇಡ ಅಂದೆ. ಕೊಟೇಶನ್ ಕೊಟ್ಟ ದಿನ 12 ಪರ್ಸೆಂಟೇ ಇತ್ತು, ಮೋಸ ಎಲ್ಲಿ ಬಂತು? ಇನ್ನು ಸುಳ್ಳು ರೇಟು ಹಾಕಿದ್ರೆ, ಪಕ್ಕದ ಅಂಗಡಿ ರೇಟು ನಮಗಿಂತ ಚೆನ್ನಾಗಿ ಅವರಿಗೇ ಗೊತ್ತು.

ಮೊದಲು ಫೋನ್ ಮಾಡಿ "ಅಣ್ಣ, ಒಂದು ಮೇಲ್ ಹಾಕ್ತೀನಿ, ತಪ್ಪು ತಿಳ್ಕೋಬೇಡಿ" ಅಂದೆ. ನಮ್ಮ ಕಡೆ ಕಾಗದ ಬಂತು ಅಂದ್ರೆ ವಕೀಲರ ನೋಟೀಸು ಅನ್ಕೋತಾರೆ, ಅದಕ್ಕೇ ಈ ಫೋನು. ಆಮೇಲೆ ಅವರು ಕಳಿಸಿದ ಮೇಲ್‌ಗೇ ಉತ್ತರವಾಗಿ ಬರೆದೆ:

"ನಿಮ್ಮ ಕೊಟೇಶನ್ ಹಳೇ ಜಿಎಸ್‌ಟಿ ಇದ್ದಾಗಿನದು. ದಯವಿಟ್ಟು ಮಾಲಿನ ಬೆಲೆ, ತೆರಿಗೆ ಬೇರೆ ಬೇರೆ ತೋರಿಸಿ ಹೊಸದು ಕಳಿಸಿ. ಆರು ಜನದ ಮಾಲನ್ನು ಒಂದೇ ಲೋಡಿನಲ್ಲಿ ಒಂದೇ ಜಾಗದಲ್ಲಿ ಇಳಿಸಿಕೊಳ್ಳುತ್ತೇವೆ. ಆರ್ಡರ್ ಜೊತೆ 40 ಪರ್ಸೆಂಟ್, ಮಾಲು ಇಳಿದು ಮೀಟರ್ ಲೆಕ್ಕ ನೋಡಿದ ದಿನ 50, ನೀರು ಬಿಟ್ಟು ನೋಡಿ ಹದಿನೈದು ದಿನಕ್ಕೆ ಉಳಿದ 10 ಕೊಡುತ್ತೇವೆ. ಪೈಪಿನ ಮೇಲೆ ಐಎಸ್ 13488 ಅಚ್ಚು ಇರಬೇಕು. ಇದಕ್ಕೆ ಮೀಟರಿಗೆ 30 ಪೈಸೆ ಇಳಿಸಲು ಸಾಧ್ಯವೇ? ಆಗದಿದ್ದರೆ ಲಾರಿ ಬಾಡಿಗೆ ನೀವು ಹಾಕಿಕೊಳ್ಳಿ. ಸೋರುವ ರೋಲು ಬದಲಾಯಿಸಿ ಕೊಡಿ."

ಗಮನಿಸಿ, ಕೇಳಿದ್ದರ ಜೊತೆ ಕೊಡೋದನ್ನೂ ಬರೆದಿದ್ದೀವಿ. ಒಂದೇ ಕಡೆ ಇಳಿಸೋದು ಅವರಿಗೆ ಉಳಿತಾಯ, ಮುಂಗಡ ಅವರಿಗೆ ಧೈರ್ಯ. ಒಂದಕ್ಕೆ ಆಗಲ್ಲ ಅನ್ನೋಕೆ ದಾರಿನೂ ಬಿಟ್ಟಿದ್ದೀವಿ.

ಮೂರನೇ ದಿನ ಉತ್ತರ ಬಂತು. ತೆರಿಗೆ ಸರಿ ಮಾಡಿದ್ರು. 30 ಪೈಸೆ ಇಳಿಸಲಿಲ್ಲ. ಬಾಡಿಗೆ ಆರು ಸಾವಿರ ಅವರೇ ಹಾಕ್ಕೊಂಡ್ರು, ಕಡೇ 10 ಪರ್ಸೆಂಟಿಗೂ ರೋಲು ಬದಲಿಗೂ ಒಪ್ಪಿದ್ರು. ಹೆಂಗಾಯ್ತು ಅಂದ್ರೆ, ನಮ್ಮ ಮೇಲನ್ನ ಅವರು ಕಂಪನಿ ಏರಿಯಾ ಮ್ಯಾನೇಜರಿಗೆ ಹಂಗೇ ಫಾರ್ವರ್ಡ್ ಮಾಡಿದ್ರು. ಇಂಥದ್ದಕ್ಕೆ ಒಪ್ಪಿಗೆ ಎಷ್ಟೋ ಸಲ ಮೇಲಿನಿಂದ ಬರಬೇಕು. ನಾವು ಕೌಂಟರಲ್ಲಿ ಕೂಗಾಡಿದ್ದನ್ನ ಯಾರೂ ಫಾರ್ವರ್ಡ್ ಮಾಡೋಕಾಗಲ್ಲ.

ಫೋನಲ್ಲಿ ಇನ್ನೆರಡು ಮಾತು ಸೇರಿದ್ವು. ಅವತ್ತೇ ಸಂಜೆ "ಹೀಗೆ ಮಾತಾಡಿದೆವು, ಸರಿಯಲ್ವಾ" ಅಂತ ಇನ್ನೊಂದು ಮೇಲ್ ಹಾಕಿದೆ. ಇದನ್ನ ಬಿಟ್ರೆ ಹಿಂದಿನದೆಲ್ಲ ನೀರಲ್ಲಿ ಹೋಮ.

ಒಂದು ಮಿತಿ ಇದೆ. ಸಬ್ಸಿಡಿ ಡ್ರಿಪ್‌ನಲ್ಲಿ ಈ ರೇಟಿನ ಚೌಕಾಸಿ ನಡೆಯಲ್ಲ, ಅಲ್ಲಿ ದರ ಇಲಾಖೆ ಲೆಕ್ಕದ್ದು. ಕೈಯಿಂದ ದುಡ್ಡು ಹಾಕಿ ತರೋದಕ್ಕೆ ಮಾತ್ರ. ಒಬ್ಬರೇ ಅರ್ಧ ಎಕರೆಗೆ ಬರೆದ್ರೂ ಬಾಡಿಗೆ ಬಿಡಲ್ಲ.

ನೀರು ಬಿಟ್ಟಾಗ ಎರಡು ರೋಲು ಸೋರಿದ್ವು. ಫೋಟೋ ತೆಗೆದು ಅದೇ ಮೇಲ್‌ಗೆ ಹಾಕಿದೆ. ನಾಲ್ಕನೇ ದಿನ ಬೇರೆ ಬಂತು, ಉಳಿದ 10 ಪರ್ಸೆಂಟ್ ಅವತ್ತೇ ಕಟ್ಟಿದ್ವಿ. ಮೊನ್ನೆ ತುಮಕೂರಿಗೆ ಹೋದಾಗ ಕೂರಿಸಿ ಟೀ ತರಿಸಿದ್ರು. ಬರೆದಿದ್ದಕ್ಕೆ ನಂಬಿಕೆ ಹೋಯ್ತು ಅನ್ನೋರು ಈಗ ಹೇಳಲಿ.