ಇದು ಅದೇ ಪುಡಿಯೇ?

1997ರ ಆಗಸ್ಟ್ 1ರಂದು ಅಮೃತಸರದ ರಾಜಾಸಾನ್ಸಿ ವಿಮಾನ ನಿಲ್ದಾಣದಲ್ಲಿ ಅಫ್ಘಾನ್ ಪಾಸ್‌ಪೋರ್ಟಿನ ಪ್ರಯಾಣಿಕನೊಬ್ಬ ಬಂದಿಳಿದ. ಅವನ ಬಳಿ ದ್ರಾಕ್ಷಿ ತುಂಬಿದ ರಟ್ಟಿನ ಪೆಟ್ಟಿಗೆಯಿತ್ತು. ಹಣ್ಣನ್ನು ತೆಗೆದು ಪೆಟ್ಟಿಗೆಯ ರಟ್ಟನ್ನೇ ಸೀಳಿ ನೋಡಿದಾಗ ಒಳಗೆ 1 ಕಿಲೋ 400 ಗ್ರಾಂ ಹೆರಾಯಿನ್ ಸಿಕ್ಕಿತು ಎಂದು ಕಸ್ಟಮ್ಸ್ ಅಧಿಕಾರಿಗಳು ದಾಖಲಿಸಿದರು. ಹೆರಾಯಿನ್‌ಗೆ ಕಾನೂನು ಇಂದು ಹಾಕಿರುವ ವಾಣಿಜ್ಯ ಪ್ರಮಾಣದ ಗೆರೆ 250 ಗ್ರಾಂ. ಅದರ ಐದು ಪಟ್ಟಿಗೂ ಮೀರಿದ ಮಾಲು ಇದು. ವಿಚಾರಣಾ ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2008ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆತನನ್ನು ಬಿಡುಗಡೆ ಮಾಡಿತು. ನೂರ್ ಆಗಾ ಪ್ರಕರಣವೆಂದು ವಕೀಲರೆಲ್ಲ ಬಲ್ಲ ತೀರ್ಪು ಇದೇ.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಆಡುವ ಮಾತು ಗೊತ್ತೇ ಇದೆ: 'ತಾಂತ್ರಿಕ ಕಾರಣಕ್ಕೆ ಬಿಟ್ಟುಬಿಟ್ಟರು.' ಈ ಮಾತಿನ ಮೇಲೆ ನನಗೆ ತಕರಾರಿದೆ. ಮಾದಕವಸ್ತುವಿನ ಮೊಕದ್ದಮೆಯಲ್ಲಿ ಮುದ್ದೆಮಾಲು ಕೈಯಿಂದ ಕೈಗೆ ಹೋದ ದಾರಿಯ ಲೆಕ್ಕ ತಾಂತ್ರಿಕ ವಿವರವಲ್ಲ. ಅಪರಾಧ ನಡೆದಿದೆ ಎನ್ನುವುದಕ್ಕೆ ಇರುವ ರುಜುವಾತೇ ಅದು.

ಕೊಲೆ ಪ್ರಕರಣದ ಒಂದು ಕುಡುಗೋಲನ್ನು ನೆನೆಯಿರಿ. ಅದರ ಹಿಡಿ ಒಡೆದಿರುತ್ತದೆ, ಅಲಗಿನಲ್ಲಿ ಹಲ್ಲು ಬಿದ್ದಿರುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತ ಪಂಚನೊಬ್ಬ ಅದನ್ನು ನೋಡಿ, 'ಹೌದು ಸ್ವಾಮಿ, ಅವತ್ತು ಹುಲ್ಲಿನ ಬಣವೆಯಿಂದ ತೆಗೆದದ್ದು ಇದೇ' ಎನ್ನಬಹುದು. ವಸ್ತು ತನ್ನ ಗುರುತನ್ನು ತಾನೇ ಹೊತ್ತಿದೆ. ಪಿಸ್ತೂಲಿಗೆ ನಂಬರಿರುತ್ತದೆ. ಪುಡಿಗೆ ಏನಿದೆ? ಒಂದು ಚಮಚ ಹೆರಾಯಿನ್ ಇನ್ನೊಂದು ಚಮಚದಂತೆಯೇ ಇರುತ್ತದೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ಪುಡಿಯೂ ಪ್ರಯೋಗಾಲಯದಲ್ಲಿ ಹೆರಾಯಿನ್ ಎಂದು ತೇಲಿದ ಪುಡಿಯೂ ಒಂದೇ ಎಂದು ಜಗತ್ತಿನ ಯಾವ ಸಾಕ್ಷಿಯೂ ಕಣ್ಣಿಂದ ನೋಡಿ ಹೇಳಲಾರ. ಅದನ್ನು ಹೇಳಬಲ್ಲದ್ದು ಹೊರಗಿನ ಗುರುತುಗಳು ಮಾತ್ರ: ಅರಗಿನ ಮುದ್ರೆ, ಚೀಟಿಯ ಮೇಲಿನ ಸಹಿ, ಮಾಲ್‌ಖಾನೆಯ ರಿಜಿಸ್ಟರಿನ ಒಂದು ಸಾಲು, ಲಕೋಟೆ ಹೊತ್ತು ಹೋದ ಕಾನ್‌ಸ್ಟೆಬಲ್‌ನ ಹೇಳಿಕೆ. ಇವನ್ನು ತೆಗೆದುಹಾಕಿದರೆ ಪ್ರಯೋಗಾಲಯದ ವರದಿ ಯಾವುದೋ ಒಂದು ಪುಡಿಯ ಬಗ್ಗೆ ನಿಜ ಹೇಳುವ ಕಾಗದವಾಗಿ ಉಳಿಯುತ್ತದೆ. ಅದಕ್ಕೂ ಕಟಕಟೆಯಲ್ಲಿ ನಿಂತವನಿಗೂ ನಂಟಿರುವುದಿಲ್ಲ.

ಈ ದಾರಿ ಹೇಗಿರುತ್ತದೆ? ನಮ್ಮದೇ ಜಿಲ್ಲಾ ಪಟ್ಟಣವೊಂದರ ಬಸ್ ನಿಲ್ದಾಣದಲ್ಲಿ 22 ಕಿಲೋ ಗಾಂಜಾ ಹಿಡಿದರು ಎನ್ನೋಣ. 20 ಕಿಲೋ ದಾಟಿತೆಂದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಶಿಕ್ಷೆ ಹತ್ತು ವರ್ಷ. ಪಂಚರ ಎದುರು ತೂಕ ಮಾಡಿ, ಮೂಟೆ ಕಟ್ಟಿ, ಅರಗು ಹಾಕಿ, ಮುದ್ರೆಯೊತ್ತಿ, ಪಂಚನಾಮೆ ಬರೆಯುತ್ತಾರೆ. ಒತ್ತಿದ ಮುದ್ರೆಯ ಅಚ್ಚನ್ನು ಬೇರೊಂದು ಹಾಳೆಯ ಮೇಲೂ ತೆಗೆದಿಡಬೇಕು. ಅದು ಮಾದರಿ ಸೀಲು. ಕೆಲವೆಡೆ ಕೆಲಸ ಮುಗಿದೊಡನೆ ಮುದ್ರೆಯನ್ನು ಪಂಚನೊಬ್ಬನ ಕೈಗೆ ಕೊಟ್ಟು ರಸೀದಿ ಪಡೆಯುವ ರೂಢಿಯಿದೆ. ಕಾರಣ ಸರಳ: ಮುದ್ರೆಯೂ ಮಾಲೂ ಒಬ್ಬನ ಬಳಿಯೇ ಇದ್ದರೆ ರಾತ್ರಿ ಬಿಚ್ಚಿ ಬೆಳಿಗ್ಗೆ ಮತ್ತೆ ಅರಗು ಹಾಕುವುದು ಕಷ್ಟವಲ್ಲ. ಠಾಣೆಗೆ ಬಂದ ಮೇಲೆ, 1985ರ ಎನ್‌ಡಿಪಿಎಸ್ ಕಾಯ್ದೆಯ 55ನೇ ಕಲಮಿನಂತೆ, ಮಾಲು ಠಾಣಾಧಿಕಾರಿಯ ಸುಪರ್ದಿಗೆ ಹೋಗುತ್ತದೆ. ಆತನ ಮುದ್ರೆಯೂ ಬೀಳಬೇಕು, ರಿಜಿಸ್ಟರಿನಲ್ಲಿ ನಮೂದಾಗಬೇಕು. ಆಮೇಲೆ 52ಎ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಪಟ್ಟಿ, ಫೋಟೊ, ಮಾದರಿ ತೆಗೆಯುವ ಕೆಲಸ. ಗಾಂಜಾ ಆದರೆ ಮಾದರಿಯೊಂದಕ್ಕೆ 24 ಗ್ರಾಂ, ಹೆರಾಯಿನ್ ಆದರೆ 5 ಗ್ರಾಂ. ಒಬ್ಬ ಪಿ.ಸಿ. ಈ ಲಕೋಟೆಯನ್ನೂ ಮಾದರಿ ಸೀಲಿನ ಹಾಳೆಯನ್ನೂ ಹಿಡಿದು ಬಸ್ಸು ಹತ್ತಿ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ಗೆ ಬರುತ್ತಾನೆ. ಅಲ್ಲಿನವರು ಲಕೋಟೆಯ ಮೇಲಿನ ಅಚ್ಚನ್ನು ಹಾಳೆಯ ಅಚ್ಚಿನೊಂದಿಗೆ ಹೋಲಿಸಿ, ಸೀಲು ಸುಸ್ಥಿತಿಯಲ್ಲಿತ್ತು ಎಂದು ಬರೆದು, ರಸೀದಿ ಕೊಡುತ್ತಾರೆ.

ಸರಪಳಿ ಕಡಿದದ್ದು ಕಾಣಿಸುವುದು ಪಾಟೀಸವಾಲಿನಲ್ಲಿ. ಪ್ರತಿವಾದಿ ವಕೀಲ ದೊಡ್ಡ ಪ್ರಶ್ನೆಗಳನ್ನೇನೂ ಕೇಳುವುದಿಲ್ಲ. ಪಂಚನಾಮೆಯಲ್ಲಿ ಮೂರು ಸೀಲು, ಎಫ್‌ಎಸ್‌ಎಲ್ ವರದಿಯಲ್ಲಿ ಐದು. ಹೆಚ್ಚಿನ ಎರಡು ಯಾರವು? ಮಾಲು ಠಾಣೆಗೆ ಬಂದದ್ದು 4ನೇ ತಾರೀಕು, ಪ್ರಯೋಗಾಲಯ ತಲುಪಿದ್ದು 29ಕ್ಕೆ, ನಡುವೆ ಎಲ್ಲಿತ್ತು? ಲಕೋಟೆ ಒಯ್ದ ಪಿ.ಸಿ.ಯನ್ನು ಸಾಕ್ಷಿಯಾಗಿ ಏಕೆ ಕರೆದಿಲ್ಲ? ತೂಕದ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಹಸಿ ಗಾಂಜಾ ಒಣಗುತ್ತದೆ, ಆದ್ದರಿಂದ 24 ಗ್ರಾಂ ಕಳಿಸಿದ್ದು ಅಲ್ಲಿ 21 ಗ್ರಾಂ ತೂಗಿದರೆ ಅದಕ್ಕೊಂದು ಸಮಾಧಾನವಿದೆ. ಕಳಿಸಿದ್ದಕ್ಕಿಂತ ಹೆಚ್ಚು ತೂಗಿದರೆ ಯಾವ ಸಮಾಧಾನವೂ ಇಲ್ಲ, ಮುಚ್ಚಿದ ಲಕೋಟೆಯೊಳಗೆ ಗಾಂಜಾ ಬೆಳೆಯುವುದಿಲ್ಲವಲ್ಲ.

ನೂರ್ ಆಗಾ ಪ್ರಕರಣಕ್ಕೆ ಮರಳೋಣ. ಅಲ್ಲಿ ಪುಡಿಯಿಂದ ಮೂರು ಮಾದರಿ ತೆಗೆದಿದ್ದರು. ಒಂದು ಪರೀಕ್ಷೆಗೆ ಹೋಯಿತು, ಎರಡು ಉಳಿದ ಮಾಲಿನೊಂದಿಗೆ ಮಾಲ್‌ಖಾನೆಯಲ್ಲಿ ಉಳಿದವು. ವಿಚಾರಣೆಯಲ್ಲಿ ಆ ಮಾದರಿಗಳು ನ್ಯಾಯಾಲಯದ ಮುಂದೆ ಬರಲೇ ಇಲ್ಲ, ಏಕೆ ಬರಲಿಲ್ಲ ಎಂಬುದಕ್ಕೆ ವಿವರಣೆಯೂ ಇರಲಿಲ್ಲ. ಹೆರಾಯಿನ್ ಅಡಗಿಸಿಟ್ಟಿದ್ದ ಪೆಟ್ಟಿಗೆಯೂ ಬರಲಿಲ್ಲ. ದೊಡ್ಡ ಪ್ರಮಾಣದ ಮಾಲನ್ನು ನಾಶಪಡಿಸಲಾಗಿದೆ ಎಂದರು. ಹಾಗೆಂದೇ ಒಪ್ಪಿದರೂ ಮಾದರಿಗಳನ್ನು ಹಾಜರುಪಡಿಸಲೇಬೇಕಿತ್ತು ಎಂದಿತು ಸುಪ್ರೀಂ ಕೋರ್ಟ್. ಪಂಚರ ಸಾಕ್ಷ್ಯವನ್ನೂ ದಾಖಲಿಸಿರಲಿಲ್ಲ. ಉಳಿದದ್ದು ಅಧಿಕಾರಿಗಳ ಮಾತು, ಜೊತೆಗೆ ಆರೋಪಿ ಆಮೇಲೆ ಹಿಂತೆಗೆದುಕೊಂಡ ಒಂದು ತಪ್ಪೊಪ್ಪಿಗೆ.

ತೀರ್ಪಿನಲ್ಲಿ ನನಗೆ ಮುಖ್ಯವೆನಿಸುವುದು ಈ ನ್ಯೂನತೆಗಳ ಪಟ್ಟಿಗಿಂತ ಅದರ ಹಿಂದಿನ ತರ್ಕ. ಎನ್‌ಡಿಪಿಎಸ್ ಕಾಯ್ದೆಯ 35 ಮತ್ತು 54ನೇ ಕಲಮುಗಳು ಹೊರೆಯನ್ನು ತಿರುಗಿಸುತ್ತವೆ. ಮಾಲು ನಿನ್ನ ಬಳಿ ಸಿಕ್ಕಿತೇ? ಹಾಗಾದರೆ ನೀನು ನಿರಪರಾಧಿ ಎಂದು ನೀನೇ ತೋರಿಸು. ಈ ಕಲಮುಗಳೇ ಸಂವಿಧಾನಬಾಹಿರ ಎಂದು ಆರೋಪಿ ವಾದಿಸಿದ್ದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ, ಕಲಮುಗಳನ್ನು ಉಳಿಸಿಕೊಂಡಿತು. ಆದರೆ ಅಷ್ಟು ಭಾರವನ್ನು ಆರೋಪಿಯ ತಲೆಗೆ ಕಟ್ಟುವ ಮೊದಲು ಪ್ರಾಸಿಕ್ಯೂಷನ್ ಬುನಾದಿಯ ಸಂಗತಿಗಳನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕು ಎಂದಿತು. ಮಾಲು ಸಿಕ್ಕಿದ್ದು ಇವನ ಬಳಿ, ಪರೀಕ್ಷೆಯಾದದ್ದು ಆ ಮಾಲೇ: ಬುನಾದಿ ಅಂದರೆ ಇಷ್ಟು. ಶಿಕ್ಷೆ ಕಠಿಣವಾದಷ್ಟೂ ರುಜುವಾತು ಬಿಗಿಯಾಗಿರಬೇಕೆಂಬುದು ಇಲ್ಲಿ ಸರಕಾರವೇ ಒಪ್ಪಿಕೊಂಡ ಚೌಕಾಸಿ. ಸುಲಭದ ಭಾಗವನ್ನು ಇಟ್ಟುಕೊಂಡು ಕಷ್ಟದ ಭಾಗವನ್ನು ಬಿಡುವಂತಿಲ್ಲ.

'ಪೊಲೀಸರು ಮೋಸ ಮಾಡಿದ್ದಾರೆಂದು ಯಾರೂ ತೋರಿಸಿಲ್ಲವಲ್ಲ, ಮತ್ತೇಕೆ ಸಂಶಯ?' ಎಂದು ಕೇಳುವವರಿದ್ದಾರೆ. ಸರಕಾರಿ ಕೆಲಸ ಕ್ರಮಬದ್ಧವಾಗಿ ನಡೆದಿದೆ ಎಂದು ಊಹಿಸಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ ಎಂಬುದೂ ನಿಜ. ಆದರೆ ಮಾಲ್‌ಖಾನೆಯ ಬೀಗದ ಕೈ ಇರುವುದು ಯಾರ ಬಳಿ? ಒಳಗೆ ಏನಾಯಿತೆಂದು ಆರೋಪಿ ಜೈಲಿನಲ್ಲಿ ಕುಳಿತು ತೋರಿಸಲಾರ. ಇಲಿಗಳ ಕಥೆ ನೆನಪಿರಬಹುದು. 2022ರಲ್ಲಿ ಉತ್ತರ ಪ್ರದೇಶದ ಮಥುರಾದಲ್ಲಿ ನ್ಯಾಯಾಲಯ ಮುದ್ದೆಮಾಲು ತರಲು ಹೇಳಿದಾಗ, ಎರಡು ಠಾಣೆಗಳಲ್ಲಿದ್ದ 581 ಕಿಲೋ ಗಾಂಜಾವನ್ನು ಇಲಿಗಳು ತಿಂದುಹಾಕಿದವು ಎಂದು ಪೊಲೀಸರು ಹೇಳಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಗು ಬರುವ ಸಂಗತಿಯೇ. ಆದರೆ ಅರ್ಧ ಟನ್ ಮಾಲು ಹೀಗೆ ಕರಗಬಹುದಾದರೆ 5 ಗ್ರಾಮಿನ ಪೊಟ್ಟಣ ಬದಲಾಗುವುದಕ್ಕೆ ಎಷ್ಟು ಹೊತ್ತು ಬೇಕು? ಇಂಥ ಉಗ್ರಾಣಗಳ ಸ್ಥಿತಿ ನೋಡಿಯೇ ಸುಪ್ರೀಂ ಕೋರ್ಟ್ 2016ರ ಮೋಹನ್‌ಲಾಲ್ ಪ್ರಕರಣದಲ್ಲಿ, ಮಾದರಿ ತೆಗೆಯುವ ಕೆಲಸ ಮ್ಯಾಜಿಸ್ಟ್ರೇಟರ ಮುಂದೆಯೇ ಆಗಬೇಕೆಂದು ಹೇಳಿತು.

ಹಾಗೆಂದು ಪ್ರತಿಯೊಂದು ಲೋಪಕ್ಕೂ ಬಿಡುಗಡೆ ಸಿಗಬೇಕೆಂದು ನಾನು ವಾದಿಸುತ್ತಿಲ್ಲ. ನಡುವೆ ಕೆಲವು ವರ್ಷ ಹಾಗೆಯೂ ವಾದ ನಡೆಯಿತು: 52ಎ ಪಾಲನೆಯಾಗಿಲ್ಲ, ಆದ್ದರಿಂದ ಪ್ರಕರಣವೇ ಇಲ್ಲ. 2025ರ ಜನವರಿಯಲ್ಲಿ, ಛತ್ತೀಸ್‌ಗಢದಿಂದ ಬಂದ ಭರತ್ ಅಂಬಾಳೆ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. 52ಎ ಪಾಲನೆಯ ಲೋಪವೊಂದರಿಂದಲೇ ಮೊಕದ್ದಮೆ ಬೀಳದು. ಉಳಿದ ಸಾಕ್ಷ್ಯ ನಂಬುವಂತಿದ್ದರೆ ಶಿಕ್ಷೆ ನಿಲ್ಲಬಹುದು. ಕೇಳಬೇಕಾದ ಪ್ರಶ್ನೆ ಆ ಲೋಪ ಮಾಲಿನ ಗುರುತಿನ ಬಗ್ಗೆ ನಿಜವಾದ ಸಂಶಯ ಹುಟ್ಟಿಸುತ್ತದೆಯೇ ಎಂಬುದು. ಇದು ಸರಿಯಾದ ಅಳತೆಗೋಲು. ಮಾದರಿ ಹತ್ತು ದಿನ ತಡವಾಗಿ ಹೋಯಿತು, ಆದರೆ ಸೀಲು ಅಖಂಡವಾಗಿತ್ತು, ಅಚ್ಚು ತಾಳೆಯಾಯಿತು, ಒಯ್ದವನು ಸಾಕ್ಷಿ ನುಡಿದ: ಇಂಥಲ್ಲಿ ಸಂಶಯಕ್ಕೆ ಜಾಗವಿಲ್ಲ. ಅದೇ ಹತ್ತು ದಿನ ತಡವಾಗಿ, ಮಾದರಿ ಸೀಲೂ ಇಲ್ಲದೆ, ರಿಜಿಸ್ಟರೂ ಹಾಜರಾಗದೆ ಇದ್ದರೆ ಚಿತ್ರವೇ ಬೇರೆ. 2005ರಲ್ಲಿ ರಾಜಸ್ಥಾನದ ಗುರ್ಮೈಲ್ ಸಿಂಗ್ ಪ್ರಕರಣ ಬಿದ್ದದ್ದು ಹೀಗೆಯೇ. ಮಾಲ್‌ಖಾನೆಯ ರಿಜಿಸ್ಟರನ್ನು ಹಾಜರುಪಡಿಸಿರಲಿಲ್ಲ. ಪ್ರಯೋಗಾಲಯದವರಿಗೆ ತಾಳೆ ನೋಡಲು ಮಾದರಿ ಸೀಲನ್ನೇ ಕಳಿಸಿರಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯೆಯಲ್ಲಿ ಶೋಧ ಮತ್ತು ಜಪ್ತಿಯ ವಿಡಿಯೊ ಮಾಡುವುದು ಕಡ್ಡಾಯ. ಒಳ್ಳೆಯದೇ. ಆದರೆ ಕ್ಯಾಮೆರಾ ಕಾಣುವುದು ಬಸ್ ನಿಲ್ದಾಣದ ಆ ಒಂದು ಗಂಟೆಯನ್ನು. ಮೂಟೆ ಮಾಲ್‌ಖಾನೆಯ ಮೂಲೆಯಲ್ಲಿ ಕಳೆಯುವ ತಿಂಗಳುಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಬೇಕಾದದ್ದು ಹಳೆಯ ಕಾಲದ್ದೇ: ಯಾರು ತೆಗೆದರು, ಯಾವಾಗ, ಏಕೆ, ಯಾರಿಗೆ ಕೊಟ್ಟರು ಎಂದು ಆ ಹೊತ್ತಿಗೇ ಬರೆದಿಟ್ಟ ಸಾಲು. ಠಾಣಾ ಬರಹಗಾರ ಅದನ್ನು ಎರಡು ನಿಮಿಷದಲ್ಲಿ ಬರೆಯಬಲ್ಲ. ಬರೆಯದೆ ಬಿಟ್ಟದ್ದನ್ನು ಆರು ವರ್ಷದ ಮೇಲೆ ನೆನಪಿನಿಂದ ತುಂಬಿಸಲು ಹೊರಟಾಗಲೇ ಮೊಕದ್ದಮೆ ಮುಗ್ಗರಿಸುವುದು.

ಪುಡಿಗೆ ಹೇಳಿದ್ದೆಲ್ಲ ದೇಹದ ದ್ರವಗಳ ಮಾದರಿಗೂ ಸಲ್ಲುತ್ತದೆ, ಅದನ್ನೂ ಕಣ್ಣಿಂದ ಗುರುತಿಸಲಾಗದು. ತಮಿಳುನಾಡಿನ ತೇಣಿ ಜಿಲ್ಲೆಯ ಸುರುಳಿ ಜಲಪಾತದ ಬಳಿ 2011ರಲ್ಲಿ ನಡೆದ ಜೋಡಿ ಕೊಲೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದವನನ್ನು 2025ರ ಜುಲೈ 15ರಂದು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಡಿಎನ್‌ಎ ಮಾದರಿಗಳನ್ನು ಇಟ್ಟುಕೊಂಡ, ಕಳಿಸಿದ ರೀತಿಯಲ್ಲಿದ್ದ ಲೋಪಗಳು ಅದಕ್ಕೆ ಮುಖ್ಯ ಕಾರಣಗಳಲ್ಲಿ ಸೇರಿದ್ದವು. ಅದೇ ತೀರ್ಪಿನಲ್ಲಿ ನ್ಯಾಯಾಲಯ ದೇಶದ ಎಲ್ಲ ಪೊಲೀಸ್ ಮುಖ್ಯಸ್ಥರಿಗೂ ನಿರ್ದೇಶನ ಕೊಟ್ಟಿದೆ: ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಮಾದರಿ ಸಂಗ್ರಹಿಸಿದ ಕ್ಷಣದಿಂದ ತೀರ್ಪಿನವರೆಗೆ ಅದು ಯಾರ ಯಾರ ಕೈ ದಾಟಿತೆಂಬ ಸುಪರ್ದಿಯ ರಿಜಿಸ್ಟರೊಂದು ಇರಬೇಕು, ಆ ರಿಜಿಸ್ಟರನ್ನು ವಿಚಾರಣಾ ನ್ಯಾಯಾಲಯದ ಕಡತಕ್ಕೆ ಲಗತ್ತಿಸಬೇಕು.