ಉರ್ದುವನ್ನು ಬೈಯಬೇಡಿ, ಅಡ್ಡಗೆರೆಯನ್ನು ಎಳೆಯಬೇಡಿ

ಇಂಗ್ಲಿಷ್ ವಾಕ್ಯದ ನಡುವೆ ಒಂದು ಉರ್ದು ಪದ ಬಂದರೆ ಸಾಕು, ಅಲ್ಪವಿರಾಮ ಎಲ್ಲಿಗೋ ಹಾರುತ್ತದೆ, ಸಂಖ್ಯೆ ತಿರುಗಿ ನಿಲ್ಲುತ್ತದೆ, ಎರಡು ಪದಗಳು ಜಾಗ ಬದಲಾಯಿಸಿಕೊಳ್ಳುತ್ತವೆ. ಅನುವಾದ ಮುಗಿಸಿ ಕಳಿಸಿದ ಕಡತ ಹೀಗೆ ಕಂಡಾಗ ಬೈಗುಳ ಬೀಳುವುದು ಇಬ್ಬರಿಗೆ. ಒಂದು, "ಆ ಲಿಪಿಯೇ ಹಾಗೆ, ಕಂಪ್ಯೂಟರಿಗೆ ಒಗ್ಗುವುದಿಲ್ಲ" ಎಂದು ಉರ್ದುವಿಗೆ. ಇನ್ನೊಂದು, "ನೋಡಿ ಕಳಿಸಬಾರದೇ" ಎಂದು ಅನುವಾದಕರಿಗೆ. ಎರಡೂ ಅನ್ಯಾಯ. ತಪ್ಪು ಇರುವುದು ಆ ಪದವನ್ನು ವಾಕ್ಯದೊಳಗೆ ಕೂರಿಸುವಾಗ ಅದರ ದಿಕ್ಕನ್ನು ಹೇಳದೆ ಬಿಟ್ಟವರಲ್ಲಿ. ಅದಕ್ಕಿಂತ ದೊಡ್ಡ ತಪ್ಪು, ಹೀಗೆ ಕಂಡದ್ದನ್ನು ಕೈಯಿಂದ ಎಳೆದು "ಸರಿ" ಮಾಡುವವರದು.

ಒಂದೇ ಒಂದು ವಾಕ್ಯವನ್ನು ಹಿಡಿದು ಕೊನೆಯವರೆಗೆ ನೋಡೋಣ. ಯುನಾನಿ ವೈದ್ಯದಲ್ಲಿ ಮಾತ್ರೆಗೆ ಖುರ್ಸ್ ಎನ್ನುತ್ತಾರೆ. ಹೈದರಾಬಾದಿನ ಒಂದು ಉರ್ದು ಔಷಧಿ ಚೀಟಿಯನ್ನು ಇಂಗ್ಲಿಷಿಗೆ ಅನುವಾದ ಮಾಡಬೇಕಾಗಿದೆ ಎಂದಿಟ್ಟುಕೊಳ್ಳಿ. ಔಷಧಿಯ ಹೆಸರನ್ನು ಉರ್ದು ಲಿಪಿಯಲ್ಲೇ ಉಳಿಸಬೇಕು, ಏಕೆಂದರೆ ಅಂಗಡಿಯ ಡಬ್ಬಿಯ ಮೇಲೆ ಇರುವುದು ಅದೇ. ಮುಂದೆ 1-0-0 ಎಂಬ ಪ್ರಮಾಣ. ಇದು ನಮ್ಮ ದೇಶದ ಎಲ್ಲರಿಗೂ ಗೊತ್ತಿರುವ ಲೆಕ್ಕ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಕೆಳಗೆ ಕನ್ನಡದಲ್ಲಿ «ಖುರ್ಸ್» ಎಂದು ಬರೆದ ಕಡೆ ಮೂರು ಉರ್ದು ಅಕ್ಷರಗಳಿವೆ ಎಂದು ಭಾವಿಸಿ.

```
ಬೆರಳಚ್ಚಿಸಿದ್ದು:  Take «ಖುರ್ಸ್» 1-0-0 after food.
ಪರದೆಯಲ್ಲಿ ಕಂಡದ್ದು: Take 0-0-1 «ಖುರ್ಸ್» after food.
```

ಬೆಳಗಿನ ಮಾತ್ರೆ ರಾತ್ರಿಯದಾಯಿತು. ಯಾರೂ ತಪ್ಪು ಬೆರಳಚ್ಚಿಸಿಲ್ಲ, ಯಾರೂ ತಪ್ಪು ಅನುವಾದ ಮಾಡಿಲ್ಲ. ಕಂಪ್ಯೂಟರಿನೊಳಗೆ ಅಕ್ಷರಗಳು ಇಟ್ಟ ಕ್ರಮದಲ್ಲೇ ಭದ್ರವಾಗಿವೆ. ಬದಲಾದದ್ದು ಕಾಣುವ ಕ್ರಮ ಮಾತ್ರ.

ಕಾಣುವ ಕ್ರಮವನ್ನು ತೀರ್ಮಾನಿಸುವುದು ಯೂನಿಕೋಡಿನ ಒಂದು ನಿಯಮಾವಳಿ. ಅದರ ಪ್ರಕಾರ ಪ್ರತಿ ಅಕ್ಷರಕ್ಕೂ ದಿಕ್ಕಿನ ಸ್ವಭಾವವೊಂದಿದೆ. ಇಂಗ್ಲಿಷ್ ಮತ್ತು ಕನ್ನಡದ ಅಕ್ಷರಗಳು ಗಟ್ಟಿಯಾಗಿ ಎಡದಿಂದ ಬಲಕ್ಕೆ. ಉರ್ದು, ಅರಬ್ಬಿ ಅಕ್ಷರಗಳು ಅಷ್ಟೇ ಗಟ್ಟಿಯಾಗಿ ಬಲದಿಂದ ಎಡಕ್ಕೆ. ಅಂಕಿಗಳ ಸ್ವಭಾವ ದುರ್ಬಲ: ಒಂದು ಸಂಖ್ಯೆಯೊಳಗೆ ಅವು ಯಾವತ್ತೂ ಎಡದಿಂದ ಬಲಕ್ಕೇ, ಆದರೆ ವಾಕ್ಯದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ತಮಗಿಂತ ಮೊದಲು ಬಂದ ಗಟ್ಟಿ ಅಕ್ಷರವನ್ನು ನೋಡಿ ತೀರ್ಮಾನಿಸಿಕೊಳ್ಳುತ್ತವೆ. ಖಾಲಿ ಜಾಗ, ಉದ್ಧರಣ ಚಿಹ್ನೆ, ಆಶ್ಚರ್ಯ ಚಿಹ್ನೆಗಳಿಗೆ ಸ್ವಂತ ದಿಕ್ಕೇ ಇಲ್ಲ. ಎಡಬಲದ ನೆರೆಹೊರೆ ಒಂದೇ ಕಡೆಯವರಾದರೆ ಅವು ಆ ಕಡೆ ಸೇರುತ್ತವೆ, ಬೇರೆ ಬೇರೆಯಾದರೆ ಪ್ಯಾರಾದ ದಿಕ್ಕಿಗೆ ಹೋಗುತ್ತವೆ. ಎರಡು ಅಂಕಿಗಳ ನಡುವೆ ಇಲ್ಲದಿದ್ದಾಗ ಅಲ್ಪವಿರಾಮದ, ಪೂರ್ಣವಿರಾಮದ ಪಾಡೂ ಇದೇ.

ಈಗ ನಮ್ಮ ಚೀಟಿಗೆ ಬನ್ನಿ. 1-0-0ರ ಹಿಂದೆ ಇರುವ ಗಟ್ಟಿ ಅಕ್ಷರ ಉರ್ದುವಿನದು. ಹಾಗಾಗಿ ಮೂರೂ ಅಂಕಿಗಳು ಉರ್ದುವಿನ ಬಳಗಕ್ಕೆ ಸೇರಿದವು. ಆ ಬಳಗದಲ್ಲಿ ಅಡ್ಡಗೆರೆ ಅಂಕಿಗಳನ್ನು ಒಂದು ಸಂಖ್ಯೆಯಾಗಿ ಕಟ್ಟುವುದಿಲ್ಲ, ಬಿಡಿಸುತ್ತದೆ. ಆದ್ದರಿಂದ ಪದ, ಒಂದು, ಸೊನ್ನೆ, ಸೊನ್ನೆ ಎಂಬ ನಾಲ್ಕು ತುಂಡುಗಳೂ ಬಲದಿಂದ ಎಡಕ್ಕೆ ಸಾಲಾದವು. ಉರ್ದು ಓದುವವರು ಬಲದಿಂದ ನೋಡಿದರೆ ಮೊದಲು ಪದ, ಆಮೇಲೆ ಒಂದು. ಇಂಗ್ಲಿಷ್ ಓದುವವರು ಎಡದಿಂದ ನೋಡಿದರೆ ಮೊದಲು ಸೊನ್ನೆ. ಅಡ್ಡಗೆರೆಯ ಬದಲು 1/2 ಎಂದು ಓರೆಗೆರೆ ಇದ್ದಿದ್ದರೆ ಅಂಕಿಗಳು ತಿರುಗುತ್ತಿರಲಿಲ್ಲ, ಏಕೆಂದರೆ ಅದನ್ನು ಸಂಖ್ಯೆಯೊಳಗಿನ ಚಿಹ್ನೆಯೆಂದೇ ನಿಯಮ ಎಣಿಸುತ್ತದೆ. ಒಂದು ಕಡತದಲ್ಲಿ ಕೆಲವು ಸಂಖ್ಯೆ ತಿರುಗಿ ಕೆಲವು ನೆಟ್ಟಗಿರುವುದು "ವೈರಸ್" ಅಲ್ಲ, ಇಂಥದ್ದೇ ವ್ಯತ್ಯಾಸ.

ಇಂಗ್ಲಿಷ್ ವಾಕ್ಯಕ್ಕೆ ಮಾತ್ರ ಈ ಪಾಡು ಎಂದುಕೊಳ್ಳಬೇಡಿ. ಕನ್ನಡ ವಾಕ್ಯದ ನಡುವೆ ಉರ್ದು ಪದ ಇಟ್ಟು ಮುಂದೆ 1-0-0 ಎಂದು ಬರೆದರೂ ಅದು ತಿರುಗುತ್ತದೆ. ಆದರೆ ೧-೦-೦ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ತಿರುಗುವುದಿಲ್ಲ. ಯೂನಿಕೋಡ್ ನಮ್ಮ ಅಂಕಿಗಳಿಗೆ ಅಕ್ಷರಗಳಷ್ಟೇ ಗಟ್ಟಿಯಾದ ದಿಕ್ಕು ಕೊಟ್ಟಿದೆ.

ಸಂಖ್ಯೆಯಿಲ್ಲದ ಕಡೆಯೂ ಅರ್ಥ ಕೆಡುತ್ತದೆ. ದಿಲ್ ಎಂದರೆ ಹೃದಯ, ಜಾನ್ ಎಂದರೆ ಪ್ರಾಣ. ಒಂದು ಇಂಗ್ಲಿಷ್ ಪಠ್ಯದಲ್ಲಿ ಉರ್ದು ಲಿಪಿಯ ದಿಲ್, ಅಲ್ಪವಿರಾಮ, ಜಾನ್ ಎಂದು ಬರೆದು, ಇವುಗಳ ಅರ್ಥ ಕ್ರಮವಾಗಿ ಹೃದಯ ಮತ್ತು ಪ್ರಾಣ ಎಂದು ಹೇಳಿದೆ. ಅಲ್ಪವಿರಾಮದ ಎರಡೂ ಕಡೆ ಉರ್ದುವೇ ಇರುವುದರಿಂದ ಮೂರೂ ಒಂದೇ ಸಾಲಾಗಿ ಬಲದಿಂದ ಎಡಕ್ಕೆ ನಿಲ್ಲುತ್ತವೆ. ಎಡದಿಂದ ಓದುವವರ ಕಣ್ಣಿಗೆ ಮೊದಲು ಬೀಳುವುದು ಜಾನ್. ಲಿಪಿ ಗೊತ್ತಿಲ್ಲದ ವಿದ್ಯಾರ್ಥಿ ಆ ಅಕ್ಷರಗಳಿಗೆ ಹೃದಯ ಎಂಬ ಅರ್ಥ ಕಲಿಯುತ್ತಾನೆ. ಲಿಪಿ ಗೊತ್ತಿದ್ದವರಿಗೆ ಈ ತಪ್ಪು ಕಾಣುತ್ತದೆ, ಆದರೆ ಪಠ್ಯ ಬರೆದದ್ದು ಅವರಿಗಲ್ಲ.

ಈಗ ಕೈಯಿಂದ ಎಳೆಯುವವರ ವಿಷಯ. ಚೀಟಿಯಲ್ಲಿ 0-0-1 ಕಂಡ ಪುಟ ವಿನ್ಯಾಸಕರು ಏನು ಮಾಡುತ್ತಾರೆ? ಅದನ್ನು ಅಳಿಸಿ 0-0-1 ಎಂದೇ ಬೆರಳಚ್ಚಿಸುತ್ತಾರೆ, ಪರದೆಯಲ್ಲಿ 1-0-0 ಎಂದು ಕಾಣುತ್ತದೆ, ಕೆಲಸ ಆಯಿತೆಂದು ಕೈ ತೊಳೆಯುತ್ತಾರೆ. ಇಷ್ಟು ಹೊತ್ತು ಕಾಣುವುದು ಮಾತ್ರ ತಪ್ಪಿತ್ತು, ಈಗ ಒಳಗಿರುವುದೇ ತಪ್ಪಾಯಿತು. ಆ ಪುಟವನ್ನು ದೃಷ್ಟಿಯಿಲ್ಲದವರ ಫೋನ್ ಓದಿ ಹೇಳಿದರೆ ಅದು ಸೊನ್ನೆ, ಸೊನ್ನೆ, ಒಂದು ಎನ್ನುತ್ತದೆ, ಏಕೆಂದರೆ ಅದು ಓದುವುದು ಒಳಗಿನ ಕ್ರಮವನ್ನು. ಮುಂದಿನ ಮುದ್ರಣದಲ್ಲಿ ಯಾರೋ ಉರ್ದು ಪದದ ಜಾಗದಲ್ಲಿ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದರು ಎನ್ನಿ. ತಿರುಗಿಸುತ್ತಿದ್ದ ಉರ್ದು ಅಕ್ಷರ ಹೋಯಿತು, 0-0-1 ಹಾಗೇ ಹೊರಗೆ ಬಂತು. ಅಲ್ಲಿ ಅನುಮಾನ ಪಡಲು ಉರ್ದುವಿನ ಸುಳಿವೂ ಇಲ್ಲ. ಹೊರಗೆ ಸುಣ್ಣ ಬಳಿದು ಒಳಗೆ ಗೋಡೆ ಒಡೆಯುವ ಕೆಲಸ ಇದು.

ಇದರಷ್ಟೇ ಹಳೆಯ ಇನ್ನೊಂದು ತಿಪ್ಪೆ ಸಾರಿಸುವಿಕೆ, ಇಡೀ ಉರ್ದು ಪ್ಯಾರಾವನ್ನು ಬಲಕ್ಕೆ ಒತ್ತಿಸುವುದು. ಇಂಗ್ಲಿಷಿನಿಂದ ಉರ್ದುವಿಗೆ ಆದ ಅನುವಾದವನ್ನು ಇಂಗ್ಲಿಷಿಗಾಗಿ ಮಾಡಿದ ಚೌಕದಲ್ಲೇ ಅಂಟಿಸುತ್ತಾರೆ. ಚೌಕದ ದಿಕ್ಕು ಎಡದಿಂದ ಬಲ. ವಾಕ್ಯದ ನಡುವೆ ಒಂದು ಇಂಗ್ಲಿಷ್ ಪದವಿದ್ದರೆ ಅದರ ಹಿಂದಿನ ಅರ್ಧ ಎಡಕ್ಕೆ, ಮುಂದಿನ ಅರ್ಧ ಬಲಕ್ಕೆ ನಿಲ್ಲುತ್ತದೆ. ಬಲದಿಂದ ಓದುವವರಿಗೆ ವಾಕ್ಯದ ಕೊನೆಯೇ ಮೊದಲು ಸಿಗುತ್ತದೆ. ಕೊನೆಯ ಇಂಗ್ಲಿಷ್ ಪೂರ್ಣವಿರಾಮ ವಾಕ್ಯದ ಬಲತುದಿಯಲ್ಲಿ, ಅಂದರೆ ಓದುವವರ ಆರಂಭದಲ್ಲಿ, ಕೂರುತ್ತದೆ. ಇದನ್ನು ಬಲಕ್ಕೆ ಒತ್ತಿಸಿದರೆ ಅದೇ ಕಲಸುಮೇಲೋಗರ ಬಲಗಡೆಗೆ ಸರಿಯುತ್ತದೆ, ಅಷ್ಟೇ. ಒತ್ತಿಸುವುದು ಬೇರೆ, ದಿಕ್ಕು ಬೇರೆ. ಉರ್ದುವಿಗೆ ತನ್ನದೇ ಪೂರ್ಣವಿರಾಮವಿದೆ, ಸಣ್ಣ ಗೆರೆಯಂಥದ್ದು. ಯೂನಿಕೋಡಿನಲ್ಲಿ ಅದಕ್ಕೆ ಉರ್ದು ಅಕ್ಷರದ ಗಟ್ಟಿತನವೇ ಇರುವುದರಿಂದ ಅದು ತನ್ನ ಪದವನ್ನು ಬಿಟ್ಟು ಓಡುವುದಿಲ್ಲ. ಓಡಿಹೋಗುವುದು ನಾವು ಇಂಗ್ಲಿಷಿನಿಂದ ತಂದು ಅಂಟಿಸಿದ ಚುಕ್ಕೆ. ಲಿಪಿಯೇ ಸರಿಯಿಲ್ಲ ಎನ್ನುವವರು ಇದನ್ನು ಗಮನಿಸಲಿ.

ಹಾಗಾದರೆ ಮಾಡಬೇಕಾದ್ದೇನು? ಉರ್ದು ಪದವನ್ನು ಅದರ ಸುತ್ತಲಿನ ವಾಕ್ಯದಿಂದ ಬೇಲಿ ಹಾಕಿ ಬೇರ್ಪಡಿಸಬೇಕು. ಜಾಲಪುಟದಲ್ಲಿ ಹೀಗೆ:

```
Take <bdi lang="ur">ಖುರ್ಸ್</bdi> 1-0-0 after food.
```

ಇಡೀ ಪ್ಯಾರಾ ಉರ್ದುವಾದರೆ ಆ ಪ್ಯಾರಾಕ್ಕೇ `dir="rtl"` ಎಂದು ಹೇಳಬೇಕು. ಇಂಥ ಗುರುತು ಹಾಕಲಾಗದ ಬರಿಯ ಪಠ್ಯದಲ್ಲಿ ಪದದ ಮೊದಲು `U+2068`, ನಂತರ `U+2069` ಎಂಬ ಕಾಣದ ಅಕ್ಷರಗಳನ್ನು ಇಡಬೇಕು. 2013ರಲ್ಲಿ ಯೂನಿಕೋಡ್ 6.3ರಲ್ಲಿ ಇವು ಬಂದದ್ದೇ ಈ ಕೆಲಸಕ್ಕೆ. ಬೇಲಿಯೊಳಗಿನ ಉರ್ದು ಹೊರಗಿನ ಅಂಕಿಗೆ ಕಾಣುವುದಿಲ್ಲ, 1-0-0 ತನಗಿಂತ ಮೊದಲ ಗಟ್ಟಿ ಅಕ್ಷರವನ್ನು ಹುಡುಕುತ್ತಾ ಇಂಗ್ಲಿಷ್ ಪದಕ್ಕೆ ಹೋಗಿ ಸೇರುತ್ತದೆ. ದಿಲ್, ಜಾನ್ ಎರಡಕ್ಕೂ ಬೇರೆ ಬೇರೆ ಬೇಲಿ ಹಾಕಿದರೆ ಅವೂ ಬರೆದ ಕ್ರಮದಲ್ಲೇ ನಿಲ್ಲುತ್ತವೆ.

ಒಪ್ಪುತ್ತೇನೆ, ಕೆಲವು ತಂತ್ರಾಂಶಗಳು ಕಾಣದ ಅಕ್ಷರಗಳನ್ನು ಕಸವೆಂದು ಗುಡಿಸಿಹಾಕುತ್ತವೆ. ಬೇಲಿ ಉಳಿಯುವ ಭರವಸೆ ಇಲ್ಲದ ಕಡೆ ವಾಕ್ಯವನ್ನೇ ಸ್ವಲ್ಪ ಬದಲಿಸಿ. ಉರ್ದು ಪದಕ್ಕೂ ಅಂಕಿಗೂ ನಡುವೆ ಒಂದು ಇಂಗ್ಲಿಷ್ ಪದ ಬರಲಿ:

```
Take «ಖುರ್ಸ್» tablet 1-0-0 after food.
```

ಇಷ್ಟಕ್ಕೆ ಯಾವ ಕಾಣದ ಅಕ್ಷರವೂ ಬೇಡ. ಎರಡು ಉರ್ದು ಪದಗಳ ನಡುವೆ ಅಲ್ಪವಿರಾಮದ ಬದಲು ಇಂಗ್ಲಿಷಿನ ಒಂದು ಪದ ಇಟ್ಟರೂ ಅವು ಅದಲುಬದಲಾಗುವುದಿಲ್ಲ.

ಇಷ್ಟೆಲ್ಲ ರಗಳೆ ಏಕೆ, ಉರ್ದು ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದರಾಯಿತಲ್ಲ ಎನ್ನುವವರಿದ್ದಾರೆ. ಹಳ್ಳಿಯೂ ಹಲ್ಲಿಯೂ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಆಗುವುದನ್ನು, ಬಳೆ ಬಲೆಯಾಗುವುದನ್ನು ಮುಂಬಯಿಯಲ್ಲೋ ದೆಹಲಿಯಲ್ಲೋ ದಿನವೂ ನೋಡುವ ನಾವು ಹೀಗೆ ಹೇಳಬಾರದು. ಖುರ್ಸ್‌ನ ಕೊನೆಯ ಅಕ್ಷರ ಸ್ವಾದ್. ಉರ್ದುವಿನಲ್ಲಿ ಸೀನ್, ಸೇ ಎಂಬ ಇನ್ನೆರಡು ಅಕ್ಷರಗಳಿಗೂ ಅದೇ ಉಚ್ಚಾರ. ಇಂಗ್ಲಿಷಿನಲ್ಲಿ ಮೂರೂ ಒಂದೇ ಆಗುತ್ತವೆ. ಡಬ್ಬಿಯ ಮೇಲಿನ ಹೆಸರಿಗೆ ಚೀಟಿಯ ಹೆಸರನ್ನು ಹೊಂದಿಸಬೇಕಾದವರಿಗೆ ಈ ಉಪಾಯದಿಂದ ಉಪಯೋಗವಿಲ್ಲ.

ಇನ್ನು ತಪ್ಪು ಎಲ್ಲಿದೆಯೆಂದು ಪತ್ತೆ ಹಚ್ಚುವುದು ಕಷ್ಟವಲ್ಲ, ಉರ್ದು ಓದಲು ಬರಬೇಕೆಂದೂ ಇಲ್ಲ. ಕಡತದ ಒಂದು ಪ್ರತಿಯಲ್ಲಿ ಉರ್ದು ಪದವನ್ನು ಅಳಿಸಿ ಅದರ ಜಾಗದಲ್ಲಿ ಯಾವುದಾದರೂ ಇಂಗ್ಲಿಷ್ ಪದ ಬೆರಳಚ್ಚಿಸಿ. ಸಂಖ್ಯೆ ತಾನಾಗಿ ನೆಟ್ಟಗಾದರೆ ಒಳಗಿನ ಕ್ರಮ ಸರಿಯಿತ್ತು, ಬೇಲಿ ಮಾತ್ರ ಬೇಕಿತ್ತು. ಮೊದಲು ನೆಟ್ಟಗೆ ಕಾಣುತ್ತಿದ್ದ ಸಂಖ್ಯೆ ಈಗ ತಿರುಗಿದರೆ ಯಾರೋ ಈಗಾಗಲೇ ಕೈಯಿಂದ ಎಳೆದಿದ್ದಾರೆ. ಅಂಥ ಕಡತಕ್ಕೆ ಬೇಲಿ ಹಾಕಿದರೆ ತಪ್ಪು ಸಂಖ್ಯೆಯೇ ಕಾಯಂ ಆಗುತ್ತದೆ. ಮೊದಲು ಮೂಲ ಚೀಟಿ ತರಿಸಿ ಸಂಖ್ಯೆ ತಾಳೆ ನೋಡಿ, ಆಮೇಲೆ ಬೇಲಿ.

ಅನುವಾದದ ಕೆಲಸ ಕೊಡುವವರಿಗೆ ನನ್ನ ತಕರಾರು ಇಷ್ಟು. ಅನುವಾದಕರಿಂದ ಬಂದ ಕಡತವನ್ನು ಪುಟಕ್ಕೆ ಅಂಟಿಸುವವರು ನೀವು. ಬೇಲಿ ಹಾಕುವ ಅಧಿಕಾರವೂ ಸಲಕರಣೆಯೂ ಇರುವುದು ನಿಮ್ಮ ಬಳಿ. ಪದಕ್ಕಿಷ್ಟು ಎಂದು ದುಡ್ಡು ಕೊಟ್ಟು, ತಮ್ಮ ಕೈಯಲ್ಲೇ ಇಲ್ಲದ ಪರದೆಯ ತಪ್ಪಿಗೆ ಅವರಿಂದ ಸಮಜಾಯಿಷಿ ಕೇಳುವುದನ್ನು ನಿಲ್ಲಿಸಿ. ಪುಟದಲ್ಲಿ ಅಂಕಿ ತಿರುಗಿ ಕಂಡರೆ ಅದನ್ನು ಮುಟ್ಟದೆ, ಅದರ ಪಕ್ಕದ ಪದಕ್ಕೆ ದಿಕ್ಕು ಹೇಳಿದ್ದೀರಾ ಎಂದು ಮೊದಲು ನೋಡಿಕೊಳ್ಳಿ.