ಪಾವತಿಯ ಸ್ಕ್ರೀನ್‌ಶಾಟ್ ಟಿಕೆಟ್ ಅಲ್ಲ



ಯುಪಿಐಯಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ‘ಇಷ್ಟು ಹಣ ಕಳಿಸಿ’ ಎಂದು ಬೇಡಿಕೆ ಕಳಿಸುವ ಸೌಲಭ್ಯವನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ವಂಚಕರು ಅದನ್ನು ದುರುಪಯೋಗ ಮಾಡುತ್ತಿದ್ದುದೇ ಕಾರಣ. ಖಜಾಂಚಿಯವರ ಮೊಬೈಲ್ ನಂಬರಿನಲ್ಲೇ ಟಿಕೆಟ್ ಹಣ ಪಡೆಯುವ ಹೊರನಾಡಿನ ಸಣ್ಣ ಸಂಘಗಳಿಗೆ ಈ ಸುದ್ದಿ ನೇರವಾಗಿ ಸಂಬಂಧಿಸಿದ್ದು. ಈಗ ಹಣ ಕಟ್ಟುವವರೇ ಮೊತ್ತ ಬರೆದು ಕಳಿಸಬೇಕು. ನೂರು ಹೆಚ್ಚು ಬರುವುದು, ನೂರು ಕಡಿಮೆ ಬರುವುದು, ಯಾರದೆಂದು ತಿಳಿಯದ ಜಮೆ, ಇವೆಲ್ಲ ಅಲ್ಲಿಂದಲೇ ಶುರು.

ಅಮೆರಿಕದ ಹಲವು ಕನ್ನಡ ಕೂಟಗಳ ನೋಂದಣಿ ಪುಟದಲ್ಲಿ ಸದಸ್ಯರಿಗೊಂದು ದರ, ಉಳಿದವರಿಗೊಂದು, ಮಕ್ಕಳಿಗೊಂದು ಇರುತ್ತದೆ. ಕಾರ್ಡಿನಲ್ಲಿ ಹಣ ಕಟ್ಟಿದರೆ ಟಿಕೆಟ್ ತಾನಾಗಿಯೇ ಇಮೇಲಿಗೆ ಬರುತ್ತದೆ. ಅಲ್ಲಿ ಹಣ ಮತ್ತು ಹೆಸರು ಒಂದೇ ದಾರಿಯಲ್ಲಿ ಬರುವುದರಿಂದ ತಾಳೆ ನೋಡುವ ಕೆಲಸವಿಲ್ಲ. ನಮ್ಮ ಕಡೆ ಹಾಗಲ್ಲ. ಹೆಸರು ಗೂಗಲ್ ಫಾರ್ಮಿಗೆ ಬರುತ್ತದೆ, ಹಣ ಬ್ಯಾಂಕಿಗೆ ಹೋಗುತ್ತದೆ. ಎರಡನ್ನೂ ಬೆಸೆಯುವುದು ಸದಸ್ಯರು ವಾಟ್ಸಾಪಿನಲ್ಲಿ ಕಳಿಸುವ ಒಂದು ಸ್ಕ್ರೀನ್‌ಶಾಟ್.

ಈ ಸ್ಕ್ರೀನ್‌ಶಾಟನ್ನೇ ನಂಬಿ ಟಿಕೆಟ್ ಕೊಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ‘ಯಶಸ್ವಿ’ ಎಂದು ತೋರಿಸುವ ನಕಲಿ ಆ್ಯಪ್‌ಗಳಿವೆ ಎಂಬುದು ಒಂದು ಕಾರಣ. ಸಂಘಗಳಲ್ಲಿ ಅದಕ್ಕಿಂತ ಹೆಚ್ಚಾಗಿ ಆಗಬಹುದಾದದ್ದು ಬೇರೆ: ಅಣ್ಣ ಕಟ್ಟಿದ ಹಣದ ಚಿತ್ರವನ್ನೇ ತಮ್ಮನೂ ತನ್ನ ಫಾರ್ಮಿಗೆ ಹಾಕುವುದು, ಕಳೆದ ಕಾರ್ಯಕ್ರಮದ ಹಳೆಯ ಚಿತ್ರ ಬರುವುದು. ಇಲ್ಲಿ ಮೋಸದ ಉದ್ದೇಶ ಇಲ್ಲದಿದ್ದರೂ ಕುರ್ಚಿ ಕಡಿಮೆ ಬೀಳುತ್ತದೆ.

ಪರಿಹಾರ ಸರಳವಾಗಿದೆ. ಪ್ರತಿ ಯುಪಿಐ ವ್ಯವಹಾರಕ್ಕೂ 12 ಅಂಕಿಗಳ ಯುಟಿಆರ್ ಸಂಖ್ಯೆ ಇರುತ್ತದೆ. ಹಣ ಕಟ್ಟಿದವರ ಮೊಬೈಲಿನಲ್ಲಿ ಕಾಣುವ ಅದೇ ಸಂಖ್ಯೆ ಸಂಘದ ಬ್ಯಾಂಕ್ ಸ್ಟೇಟ್‌ಮೆಂಟಿನ ವಿವರದಲ್ಲೂ ಬರುತ್ತದೆ. ಆದ್ದರಿಂದ ಫಾರ್ಮಿನಲ್ಲಿ ಚಿತ್ರದ ಬದಲು ಈ ಸಂಖ್ಯೆಯನ್ನೇ ಕೇಳಬೇಕು. ಸ್ಪ್ರೆಡ್‌ಶೀಟಿನ E ಕಾಲಮಿನಲ್ಲಿ ಆ ಸಂಖ್ಯೆಗಳಿವೆ, Bank ಎಂಬ ಇನ್ನೊಂದು ಹಾಳೆಯ C ಕಾಲಮಿನಲ್ಲಿ ಸ್ಟೇಟ್‌ಮೆಂಟಿನ ವಿವರವಿದೆ ಎಂದುಕೊಳ್ಳೋಣ. ಎರಡು ಸೂತ್ರ ಸಾಕು:

```
=COUNTIF(E:E, E2)
=COUNTIF(Bank!C:C, "*"&E2&"*")
```

ಮೊದಲನೆಯದರ ಉತ್ತರ 1ಕ್ಕಿಂತ ಹೆಚ್ಚಾದರೆ ಒಂದೇ ಪಾವತಿಯನ್ನು ಎರಡು ಫಾರ್ಮಿನಲ್ಲಿ ತೋರಿಸಲಾಗಿದೆ. ಎರಡನೆಯದರ ಉತ್ತರ 0 ಬಂದರೆ ಹಣ ಇನ್ನೂ ಜಮೆಯಾಗಿಲ್ಲ, ಇಲ್ಲವೇ ಸಂಖ್ಯೆ ತಪ್ಪಾಗಿದೆ. ಅಂಥವರಿಗೆ ಒಂದು ಫೋನ್ ಮಾಡಿದರೆ ವಿಷಯ ಇತ್ಯರ್ಥ. E ಕಾಲಮನ್ನು ಮೊದಲೇ ‘ಪ್ಲೇನ್ ಟೆಕ್ಸ್ಟ್’ ಮಾಡಿಡಬೇಕು. ಇಲ್ಲವಾದರೆ ಸಂಖ್ಯೆಯ ಆರಂಭದ ಸೊನ್ನೆ ಮಾಯವಾಗಿ ತಾಳೆ ತಪ್ಪಬಹುದು.

ಇನ್ನು ನೋಂದಣಿಯನ್ನು ಯಾವಾಗ ಮುಗಿಸಬೇಕು? ಕೆಲವೊಮ್ಮೆ ಸದಸ್ಯರ ಖಾತೆಯಿಂದ ಹಣ ಹೋಗಿರುತ್ತದೆ, ಸಂಘಕ್ಕೆ ಬಂದಿರುವುದಿಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ಇಂಥ ಹಣ ವ್ಯಕ್ತಿಯ ಖಾತೆಗೆ ಕಳಿಸಿದ್ದಾದರೆ ಮರುದಿನದೊಳಗೆ, ವ್ಯಾಪಾರಿ ಕ್ಯೂಆರ್‌ಗೆ ಕಟ್ಟಿದ್ದಾದರೆ 5 ದಿನದೊಳಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ. ಸಂಘದ ಹೆಸರಿನ ಖಾತೆಗೆ ವ್ಯಾಪಾರಿ ಕ್ಯೂಆರ್ ಇದ್ದರೆ, ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ನೋಂದಣಿ ನಿಲ್ಲಿಸುವುದು ಕ್ಷೇಮ. ಆಗ ಸಿಕ್ಕಿಹಾಕಿಕೊಂಡ ಪ್ರತಿ ಪಾವತಿಯೂ ಇತ್ತ ಅಥವಾ ಅತ್ತ ಸೇರಿರುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರೊಡನೆ ಬಾಗಿಲಲ್ಲಿ ‘ಕಟ್ಟಿದ್ದೇವೆ’, ‘ಬಂದಿಲ್ಲ’ ಎಂಬ ವಾದ ಬೇಕಾಗಿಲ್ಲ.

ಎಣಿಕೆಯಲ್ಲೂ ಒಂದು ಎಚ್ಚರ ಬೇಕು. ಫಾರ್ಮ್ ತೋರಿಸುವ ಸಂಖ್ಯೆ ಉತ್ತರಗಳದ್ದು, ಜನರದ್ದಲ್ಲ. 400 ಕುರ್ಚಿಯ ಸಭಾಂಗಣ ಎಂದಿಟ್ಟುಕೊಳ್ಳಿ. 100 ಫಾರ್ಮ್ ಬಂದಿವೆ ಎಂದು ನಿಶ್ಚಿಂತೆಯಿಂದ ಇದ್ದರೆ, ಮನೆಗೆ ನಾಲ್ವರಂತೆ ಸಭಾಂಗಣ ಆಗಲೇ ತುಂಬಿದೆ. ದೊಡ್ಡವರೆಷ್ಟು, ಮಕ್ಕಳೆಷ್ಟು, ಊಟಕ್ಕೆಷ್ಟು ಎಂದು ಬೇರೆ ಬೇರೆ ಕೇಳಿ, ಆ ಕಾಲಮುಗಳ ಮೊತ್ತವನ್ನೇ ದಿನವೂ ನೋಡಬೇಕು.

ಕೊನೆಯದಾಗಿ, ನಮ್ಮ ದಾಬೋಲಿಮ್, ಜುವಾರಿನಗರ, ವಾಸ್ಕೋ ಭಾಗದ ಮಾತು. ಇಲ್ಲಿನ ಕನ್ನಡಿಗರಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು ಬಹಳ. ಅವರಲ್ಲಿ ದಿನಗೂಲಿಯನ್ನು ನಗದಾಗಿ ಪಡೆಯುವವರಿದ್ದಾರೆ, ಫಾರ್ಮ್ ತುಂಬಲು ಬಾರದವರೂ ಇದ್ದಾರೆ. ಆನ್‌ಲೈನ್ ಪುಟ ಮೊದಲೇ ಎಲ್ಲ ಕುರ್ಚಿ ತುಂಬಿಕೊಂಡರೆ ಇವರಿಗೆ ಉಳಿಯುವುದು ಬಾಗಿಲ ಹೊರಗಿನ ಜಾಗ. ಆದ್ದರಿಂದ 400ರಲ್ಲಿ 100 ಕುರ್ಚಿಯನ್ನು ಪುಟಕ್ಕೆ ಹಾಕದೆ, ಕ್ರಮಸಂಖ್ಯೆಯುಳ್ಳ ಕೂಪನ್ ಪುಸ್ತಕವಾಗಿ ವಾರ್ಡಿನ ಕಾರ್ಯಕರ್ತರ ಕೈಗೆ ಕೊಡಬೇಕು. ಅರ್ಧಪ್ರತಿ ಪುಸ್ತಕದಲ್ಲೇ ಉಳಿಯಲಿ. ಅದರ ಕ್ರಮಸಂಖ್ಯೆಯನ್ನು ಯುಟಿಆರ್ ಕಾಲಮಿನಲ್ಲೇ ಬರೆದರೆ ಮೊದಲ ಸೂತ್ರ ಅದಕ್ಕೂ ನಡೆಯುತ್ತದೆ. ನಗದನ್ನು ಮಾತ್ರ ಅರ್ಧಪ್ರತಿಯೊಡನೆ ಕೈಯಾರೆ ತಾಳೆ ನೋಡಬೇಕು.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ಕ್ರಮವನ್ನು ಚರ್ಚೆಗೆ ಇಡುತ್ತಿದ್ದೇವೆ. ಸದಸ್ಯರು ತಮ್ಮ ಸಲಹೆಗಳನ್ನು ಅದಕ್ಕೂ ಮೊದಲು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ